ಗೆದ್ದೆತ್ತಿನ ಬಾಲ

“ವರ್ಷವಿಡೀ ಏರಿದ ಷೇರುಗಳನ್ನೇ ಕೊಂಡರೆ ಲಾಭ ಎನ್ನುತ್ತಾರಲ್ಲ, ನಿಜವೇ? ನಿಜವಾದರೆ ಎಲ್ಲರೂ ಯಾಕೆ ಅದನ್ನೇ ಮಾಡುವುದಿಲ್ಲ?”

ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಹಂಗಿಸುವುದು ರೂಢಿ. ಷೇರುಪೇಟೆಯಲ್ಲಿ ಮಾತ್ರ ಆ ಬಾಲಕ್ಕೆ ಲೆಕ್ಕದ ಬೆಂಬಲವಿದೆ. ಅಮೆರಿಕದ ಪೇಟೆಯ 1965ರಿಂದ 1989ರವರೆಗಿನ ದಾಖಲೆಗಳನ್ನು ಹಣಕಾಸು ಸಂಶೋಧಕರಾದ ಜೆಗದೀಶ್ ಮತ್ತು ಟಿಟ್‌ಮನ್ ಜಾಲಾಡಿ, 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿನ ಆರು ತಿಂಗಳಲ್ಲಿ ಹೆಚ್ಚು ಏರಿದ ಷೇರುಗಳನ್ನು ಕೊಂಡು, ಹೆಚ್ಚು ಬಿದ್ದವನ್ನು ಎರವಲು ತಂದು ಮಾರಿ, ಆರು ತಿಂಗಳು ಕಾದರೆ ತಿಂಗಳಿಗೆ ಸರಾಸರಿ ಶೇ 1ರಷ್ಟು ಗಳಿಕೆ. ಇದೇ ಮೊಮೆಂಟಮ್. ಈಗ ಸಾಮಾನ್ಯವಾಗಿ ಹನ್ನೆರಡು ತಿಂಗಳ ಏರಿಳಿತ ನೋಡುತ್ತಾರೆ, ಆದರೆ ಕೊನೆಯ ತಿಂಗಳನ್ನು ಬಿಡುತ್ತಾರೆ. ಅಷ್ಟು ಹತ್ತಿರದ ಏರಿಕೆ ತಿರುಗಿ ಇಳಿಯುವುದೇ ಹೆಚ್ಚು.

ಕಾರಣದ ಬಗ್ಗೆ ಜಗಳ ಮುಗಿದಿಲ್ಲ. ಒಳ್ಳೆಯ ಸುದ್ದಿ ಬೆಲೆಯೊಳಗೆ ನಿಧಾನವಾಗಿ ಇಳಿಯುತ್ತದೆ ಎಂಬುದು ಒಂದು ವಾದ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇನ್ನೊಂದು: ಲಾಭ ಕಂಡ ಷೇರನ್ನು ನಾವು ಬೇಗ ಮಾರುತ್ತೇವೆ, ನಷ್ಟದ್ದನ್ನು “ಕೊಂಡ ಬೆಲೆಗಾದರೂ ಬರಲಿ” ಎಂದು ಅಪ್ಪಿಕೊಂಡು ಕೂರುತ್ತೇವೆ. ಹೀಗಾಗಿ ಎರಡೂ ತಮ್ಮ ನಿಜವಾದ ಬೆಲೆಗೆ ತಡವಾಗಿ ತಲುಪುತ್ತವೆ.

ಎಲ್ಲರೂ ಮಾಡದಿರುವುದಕ್ಕೆ ಉತ್ತರ 2009ರಲ್ಲಿದೆ. ಆ ವರ್ಷದ ಮಾರ್ಚ್‌ನಿಂದ ಮೇವರೆಗೆ ಅಮೆರಿಕದಲ್ಲಿ ಗೆದ್ದವರ, ಅಂದರೆ ಹಿಂದೆ ಹೆಚ್ಚು ಏರಿದ್ದ ಷೇರುಗಳ ಗುಂಪು ಏರಿದ್ದು ಸುಮಾರು ಶೇ 8, ಸೋತವರ, ಅಂದರೆ ಹೆಚ್ಚು ಬಿದ್ದಿದ್ದವುಗಳ ಗುಂಪು ಸುಮಾರು ಶೇ 163. ಎರವಲು ತಂದು ಮಾರಿದ ಷೇರನ್ನು ಏರಿದ ಬೆಲೆಗೇ ಮತ್ತೆ ಕೊಂಡು ಹಿಂದಿರುಗಿಸಬೇಕು; ಸೋತವರನ್ನು ಹಾಗೆ ಮಾರಿ ಕೂತವರ ಗತಿಯನ್ನು ಊಹಿಸಿಕೊಳ್ಳಿ.

ಗೆದ್ದ ಷೇರುಗಳು ಅಲ್ಲಿ ಕುಸಿಯಲೇ ಇಲ್ಲ ಎಂಬುದನ್ನು ಗಮನಿಸಿ. ಹೊಡೆತ ಬಂದದ್ದು ಸೋತವರು ಎದ್ದು ನಿಂತದ್ದರಿಂದ. ಒಂದು ಕಲ್ಪಿತ ಕಂಪನಿಯ ಆಸ್ತಿ 100, ಸಾಲ 95 ಎನ್ನೋಣ. ಷೇರುದಾರರ ಪಾಲಿಗೆ ಉಳಿಯುವುದು 5. ಆಸ್ತಿಯ ಬೆಲೆ ಶೇ 10ರಷ್ಟು ಚೇತರಿಸಿಕೊಂಡರೆ ಆ 5 ಹೋಗಿ 15 ಆಗುತ್ತದೆ, ಅಂದರೆ ಮೂರು ಪಟ್ಟು. ಸಾಲ ಬರೀ 20 ಇರುವ ಕಂಪನಿಯಲ್ಲಿ ಅದೇ ಚೇತರಿಕೆ 80ನ್ನು 90 ಮಾಡುತ್ತದೆ, ಅಷ್ಟೇ. ದೀರ್ಘ ಕುಸಿತದ ಕೊನೆಗೆ ಸೋತವರ ಪಟ್ಟಿಯಲ್ಲಿ ತುಂಬಿರುವುದು ಮೊದಲ ಬಗೆಯವು, ಗೆದ್ದವರಲ್ಲಿ ಎರಡನೆಯವು. ಹಾಗಾಗಿ ಪೇಟೆ ತಿರುಗುವ ಹೊತ್ತಿಗೆ ನೀವು, ಗೊತ್ತಿಲ್ಲದೆಯೇ, ಪೇಟೆ ಏರದಿರಲಿ ಎಂದು ಪಣ ಕಟ್ಟಿರುತ್ತೀರಿ. 1932ರ ಬೇಸಿಗೆಯಲ್ಲೂ ಹೀಗೇ ಆಗಿತ್ತು.

ಮುನ್ಸೂಚನೆ ತೀರಾ ಇಲ್ಲವೆಂದಲ್ಲ. ಪೇಟೆ ಬಹುಕಾಲ ಬಿದ್ದಿದ್ದು, ದಿನದಿನದ ಏರಿಳಿತ ವಿಪರೀತವಾಗಿದ್ದರೆ ಅಪಾಯ ಹತ್ತಿರವಿದೆ. ಏರಿಳಿತ ಹೆಚ್ಚಿದಷ್ಟೂ ಹೂಡಿಕೆಯನ್ನು ತಗ್ಗಿಸುವ ಕ್ರಮ ಹಳೆಯ ದಾಖಲೆಗಳ ಮೇಲೆ ಚೆನ್ನಾಗಿ ಕೆಲಸ ಮಾಡಿದೆ. ಎರವಲು ಮಾರಾಟಕ್ಕೆ ಕೈಹಾಕದೆ ಗೆದ್ದವನ್ನಷ್ಟೇ ಕೊಳ್ಳುವವರಿಗೆ 2009ರ ಪೆಟ್ಟು ಬೇರೆ ರೂಪದಲ್ಲಿ ಬಿತ್ತು: ಪೇಟೆಯೆಲ್ಲ ಜಿಗಿಯುತ್ತಿದ್ದಾಗ ಅವರ ಷೇರುಗಳು ತೆವಳುತ್ತಿದ್ದವು.