ಮೈನಸ್ ಬಂದಾಗಲೆಲ್ಲ ಓಕೆ ಅಂದ ಶೀಟ್

"ಮೇಡಂ, ಮೈನಸ್ 0.03 ಅಂದ್ರೆ 0.02ಕ್ಕಿಂತ ಕಮ್ಮಿ ತಾನೇ?"

ಈ ವಾರವೆಲ್ಲ ಈ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಓಡಾಡುತ್ತಲೇ ಇದೆ. ಕೇಳಿದ್ದು ನಮ್ಮ ಇನ್ಸ್‌ಪೆಕ್ಷನ್ ಟೇಬಲ್‌ಗೆ ಹೊಸದಾಗಿ ಬಂದ ಟ್ರೈನಿ ಹುಡುಗ. ಅವನು ಓಕೆ ಮಾಡಿ ಕಳಿಸಿದ ಶಾಫ್ಟ್‌ಗಳಲ್ಲಿ ಕೆಲವು ಅಸೆಂಬ್ಲಿಯಲ್ಲಿ ಸಡಿಲ ಆದವು. ಸೂಪರ್‌ವೈಸರ್ ಎಲ್ಲರ ಎದುರೇ ಅವನ ಮೇಲೆ ಕೂಗಾಡಿದರು. "ಅಳತೆ ತೆಗೆಯೋಕೆ ಬರಲ್ವಾ ನಿಂಗೆ?" ಅಂದರು. ಹುಡುಗ ಅಳಲಿಲ್ಲ, ಎದುರು ಮಾತಾಡಲಿಲ್ಲ. ಅವರು ಹೋದ ಮೇಲೆ ನನ್ನ ಹತ್ತಿರ ಬಂದು ಇದನ್ನು ಕೇಳಿದ.

ಅವನು ಕೇಳಿದ್ದು ಸರಿಯಾಗಿಯೇ ಇತ್ತು. −0.03 ಅನ್ನೋದು 0.02ಕ್ಕಿಂತ ಕಡಿಮೆಯೇ. ಅಳತೆಯೂ ಸರಿಯಿತ್ತು, ಅದೇ ಪೀಸನ್ನು ನಾನು ಮೈಕ್ರೋಮೀಟರಿನಲ್ಲಿ ಮತ್ತೆ ಹಿಡಿದಾಗಲೂ 24.97 ಬಂತು. ಡ್ರಾಯಿಂಗ್‌ನಲ್ಲಿ ಇದ್ದದ್ದು ವ್ಯಾಸ 25 ± 0.02 ಮಿಲಿಮೀಟರ್. ಹಾಗಾದರೆ ತಪ್ಪು ಎಲ್ಲಿ ನುಸುಳಿತು? ಅವನು ರೀಡಿಂಗ್ ಟೈಪ್ ಮಾಡುತ್ತಿದ್ದ ಶೀಟ್‌ನಲ್ಲಿ. ಅದನ್ನು ಹಿಂದೆ ಯಾರೋ ಸೀನಿಯರ್ ಮಾಡಿಟ್ಟು ಹೋಗಿದ್ದರು, ಯಾರೂ ಅದರೊಳಗೆ ಇಣುಕಿ ನೋಡಿರಲಿಲ್ಲ. ತೆರೆದರೆ ಹೀಗಿತ್ತು:

```
=IF(B2-25<=0.02,"OK","NG")
```

ರೀಡಿಂಗ್‌ನಿಂದ 25 ಕಳೆ, ಉಳಿದದ್ದು 0.02 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಾಸ್. ಓದೋಕೆ ಸರಿ ಅನ್ನಿಸುತ್ತೆ. ಆದರೆ ಇದು ನೋಡುವುದು ಒಂದೇ ಕಡೆ. ನಾನು ಆ ಕೋಶದಲ್ಲಿ ಸುಮ್ನೆ 20 ಅಂತ ಹಾಕಿದೆ. ಐದು ಮಿಲಿಮೀಟರ್ ಸಣ್ಣ ಶಾಫ್ಟ್! ಶೀಟ್ ಓಕೆ ಅಂದಿತು. ಯಾವ ಶೀಟ್ ಕೈಗೆ ಬಂದರೂ ನಾನು ಮಾಡುವ ಪರೀಕ್ಷೆ ಇದೇ. ಎರಡೂ ಕಡೆ ಹಾಸ್ಯಾಸ್ಪದ ಅನ್ನಿಸುವಷ್ಟು ದೂರದ ಅಂಕೆ ಹಾಕಿ ನೋಡುವುದು. ಒಂದು ಕಡೆ ಪಾಸ್ ಆದರೆ ಆ ಕಡೆಯ ಬಾಗಿಲು ತೆರೆದೇ ಇದೆ ಅಂತ ಅರ್ಥ.

± 0.02 ಹೇಳುವುದು ಏನು? ಪೀಸಿನ ಅಳತೆ 25ರಿಂದ 0.02ಕ್ಕಿಂತ ಜಾಸ್ತಿ ದೂರ ಇರಬಾರದು, ಅಷ್ಟೇ. ದೂರ ಅಂದ ಮೇಲೆ ಮೈನಸ್ ಇರಲ್ಲ ಅಲ್ವಾ? ಶಾಲೆಯಲ್ಲಿ ಮಾಡ್ ಅಂತ ಎರಡು ಗೆರೆ ಹಾಕುತ್ತಿದ್ದೆವಲ್ಲ, ಆ ನಿರಪೇಕ್ಷ ಮೌಲ್ಯದ ಕೆಲಸ ಇಲ್ಲಿ ಇದೇ. ಪೀಸಿನ ಅಳತೆ d ಅಂದುಕೊಂಡರೆ:

|d − 25| ≤ 0.02

ಹುಡುಗನ ಪೀಸನ್ನು ಇದರಲ್ಲಿ ಹಾಕಿ. 24.97 − 25 = −0.03. ಗೆರೆಗಳ ಒಳಗೆ ಹೋದರೆ ಅದು 0.03. 0.02ಕ್ಕಿಂತ ಜಾಸ್ತಿ, ರಿಜೆಕ್ಟ್. ಶೀಟ್ ಮಾಡಿದವರು ಆ ಎರಡು ಗೆರೆ ಬಿಟ್ಟಿದ್ದರು, ಬೈಗುಳ ತಿಂದದ್ದು ಮಾತ್ರ ಈ ಹುಡುಗ. ಇದು ನನಗೆ ಇನ್ನೂ ಸಮಾಧಾನ ಆಗಿಲ್ಲ. ಸೂಪರ್‌ವೈಸರ್ ಕೆಟ್ಟವರಲ್ಲ, ಪೀಸ್ ಕೈಯಲ್ಲಿ ಹಿಡಿದರೆ ಸೈಜ್ ಹೇಳುವಷ್ಟು ಅನುಭವ ಇದೆ. ಆದರೆ ಕೂಗುವ ಮೊದಲು ಒಂದು ಸಲ ಆ ಕೋಶದ ಮೇಲೆ ಕ್ಲಿಕ್ ಮಾಡಬಹುದಿತ್ತು.

ಹುಡುಗನಿಗೆ ನಾನು ಆ ಎರಡು ಗೆರೆ ತೆಗೆದು ಬರೆಯುವುದನ್ನು ಹಾಳೆ ಮೇಲೆ ತೋರಿಸಿದೆ. ದೂರ 0.02ರ ಒಳಗಿರಬೇಕು ಅಂದರೆ ವ್ಯತ್ಯಾಸ −0.02 ಮತ್ತು +0.02ರ ನಡುವೆ ಇರಬೇಕು:

−0.02 ≤ d − 25 ≤ 0.02

ಈಗ ಮೂರೂ ಕಡೆ 25 ಕೂಡಿಸು:

24.98 ≤ d ≤ 25.02

ಕೆಳಗಿನ ಮಿತಿ 24.98, ಮೇಲಿನ ಮಿತಿ 25.02. ಎರಡೂ ಶರತ್ತು ಒಟ್ಟಿಗೆ ನಿಜ ಆಗಬೇಕು. ರಿಜೆಕ್ಟ್ ಬರೆಯುವಾಗ ಮಾತ್ರ ಅದು ತಿರುಗುತ್ತೆ: d < 24.98 ಅಥವಾ d > 25.02, ಯಾವುದಾದರೂ ಒಂದು ಸಾಕು. ಇದನ್ನು ಕೆಲವರು 24.98 > d > 25.02 ಅಂತ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಹಾಗೆ ಬರೆದರೆ ಯಾವ ಪೀಸೂ ರಿಜೆಕ್ಟ್ ಆಗಲ್ಲ, ಯಾಕಂದ್ರೆ 24.98ಕ್ಕಿಂತ ಸಣ್ಣದೂ 25.02ಕ್ಕಿಂತ ದೊಡ್ಡದೂ ಆಗಿರುವ ಸಂಖ್ಯೆಯೇ ಇಲ್ಲ.

ಗೆರೆ ಬಿಟ್ಟದ್ದರಿಂದ ತಪ್ಪಿಸಿಕೊಂಡ ಕಡೆ ಯಾವುದು ನೋಡಿ, ಅದೇ ನನಗೆ ಜಾಸ್ತಿ ಸಂಕಟ. ಶಾಫ್ಟ್ 25.03 ಇದ್ದರೆ ಇನ್ನೊಂದು ಸಲ ಗ್ರೈಂಡಿಂಗ್‌ಗೆ ಹಾಕಿ ಸೈಜಿಗೆ ತರಬಹುದು. 24.97 ಆಯಿತು ಅಂದರೆ ಹೋದ ಲೋಹ ವಾಪಸ್ ಬರಲ್ಲ, ಸಾಮಾನ್ಯವಾಗಿ ಅದು ಸ್ಕ್ರಾಪ್. ರಂಧ್ರ ಆದರೆ ಉಲ್ಟಾ: ಸಣ್ಣದಿದ್ದರೆ ಇನ್ನಷ್ಟು ಕೊರೆಯಬಹುದು, ದೊಡ್ಡದಾದರೆ ಮುಗೀತು. ಅಸಮಾನತೆಗೆ ಎರಡೂ ಕಡೆ ಒಂದೇ, ಮಷೀನ್ ಮುಂದೆ ನಿಂತವರಿಗೆ ಒಂದೇ ಅಲ್ಲ. ಶೀಟ್ ಮೊದಲ ಪೀಸಿಗೇ ರಿಜೆಕ್ಟ್ ಅಂದಿದ್ದರೆ ಆಪರೇಟರ್ ಆಫ್‌ಸೆಟ್ ಸರಿ ಮಾಡಿಕೊಳ್ಳುತ್ತಿದ್ದ, ಅದರ ಹಿಂದೆ ಬಂದವು ಉಳಿಯುತ್ತಿದ್ದವು.

ಶೀಟ್‌ನಲ್ಲಿ `ABS` ಸೇರಿಸಿದರೆ ಸಾಕಾಗುತ್ತಿತ್ತು. ಆದರೂ ನಾನು ಮಿತಿಗಳನ್ನೇ ಬರೆದೆ:

```
=IF(AND(B2>=24.98,B2<=25.02),"OK","NG")
```

ಮೈಕ್ರೋಮೀಟರ್ ತೋರಿಸುವ ಅಂಕೆಯನ್ನು ನೇರವಾಗಿ ಇದಕ್ಕೆ ಹೋಲಿಸಬಹುದು, ಮನಸ್ಸಿನಲ್ಲಿ ಕಳೆಯುವ ಕೆಲಸ ಇಲ್ಲ. ಇನ್ನೊಂದು ಕಾರಣ, ಕಂಪ್ಯೂಟರ್ ದಶಮಾಂಶಗಳನ್ನು ಕಳೆಯುವಾಗ ಕೊನೆಯ ಅಂಕೆಗಳಲ್ಲಿ ಚೂರು ವ್ಯತ್ಯಾಸ ಉಳಿಯಬಹುದು. ಸರಿಯಾಗಿ ಅಂಚಿನ ಮೇಲೆ ಕೂತ ಪೀಸಿಗೆ ಅಷ್ಟೇ ಸಾಕು ತೀರ್ಪು ಬದಲಾಗೋಕೆ.

ಆಮೇಲೆ ಹುಡುಗ ಇನ್ನೊಂದು ಡ್ರಾಯಿಂಗ್ ತಂದ. 25 g6. "ಇದರಲ್ಲಿ ಪ್ಲಸ್ ಮೈನಸ್ಸೇ ಇಲ್ಲ ಮೇಡಂ, ಎಲ್ಲಿಂದ ದೂರ ಅಳೆಯೋದು?" ಅಂದ. ಇಷ್ಟು ಒಳ್ಳೆ ಪ್ರಶ್ನೆ ಕೇಳುವ ಹುಡುಗನಿಗೆ ಅಳತೆ ಬರಲ್ಲ ಅಂದಿದ್ದರಲ್ಲ!

25 ಮಿಲಿಮೀಟರ್ ಶಾಫ್ಟ್‌ಗೆ g6 ಅನ್ನೋ ಟಾಲರೆನ್ಸ್ ಕೋಡ್ ಅಂದರೆ 25ರಿಂದ ಮೇಲಿನ ಮಿತಿಯ ವ್ಯತ್ಯಾಸ −0.007, ಕೆಳಗಿನದು −0.020. ಮಿತಿಗಳು 24.980 ಮತ್ತು 24.993. ಇಲ್ಲಿ 25 ಬರೀ ಹೆಸರಿನ ಸೈಜ್, ಅದೇ ಮಿತಿಯ ಹೊರಗಿದೆ. ನಿರಪೇಕ್ಷ ಮೌಲ್ಯದಲ್ಲಿ ಬರೆಯಬೇಕಾದರೆ ನಡುವಿನ ಬಿಂದು ಹುಡುಕಬೇಕು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 24.9865. ಅಗಲ 0.013, ಅದರ ಅರ್ಧ 0.0065:

|d − 24.9865| ≤ 0.0065

ಅವನ ಕೈಯಲ್ಲಿದ್ದ ಪೀಸ್ 24.996. 25ರಿಂದ ನೋಡಿದರೆ ಬರೀ ನಾಲ್ಕು ಮೈಕ್ರಾನ್ ದೂರ, ಎಷ್ಟು ಚೆನ್ನಾಗಿದೆ ಅನ್ನಿಸುತ್ತೆ. ನಿಜವಾದ ನಡುವಿನಿಂದ 0.0095 ದೂರ, ರಿಜೆಕ್ಟ್. ಅವನೇ ಲೆಕ್ಕ ಹಾಕಿ ನನ್ನ ಮುಖ ನೋಡಿದ. "ಆದ್ರೆ ಇದು ದೊಡ್ಡದಿದೆ ಮೇಡಂ, ಸ್ಕ್ರಾಪ್ ಅಲ್ಲ" ಅಂದ. ವ್ಯಾಸದಲ್ಲಿ ಕನಿಷ್ಠ 3 ಮೈಕ್ರಾನ್ ತೆಗೆಯಬೇಕು, 16 ದಾಟಬಾರದು ಅಂತ ಟ್ಯಾಗ್ ಮೇಲೆ ಬರೆದು, ರೀವರ್ಕ್ ಟ್ರೇಗೆ ಹಾಕಿ, ಮುಂದಿನ ಪೀಸ್ ಕೈಗೆತ್ತಿಕೊಂಡ.