ಪೊರೆ ಅಂದುಕೊಂಡದ್ದು ರಕ್ತದ ಕಾಯಿಲೆಯಾಗಿತ್ತು

ಸೋಮವಾರಪೇಟೆ ಹತ್ತಿರ ನಮ್ಮ ಮಾವನ ಕಾಫಿ ತೋಟ ಇದೆ. ಕಾಳುಮೆಣಸು ಕೊಯ್ಲು ನಡೆಯುತ್ತಿದ್ದಾಗ ಅವರಿಗೆ ಬಳ್ಳಿಯ ಮೇಲಿನ ಗೊಂಚಲು ಮಸುಕಾಗಿ ಕಾಣತೊಡಗಿತು. 68 ವರ್ಷ ಅಲ್ವಾ, ಪೊರೆ ಬಂದಿರಬೇಕು ಎಂದು ಮನೆಯವರೆಲ್ಲ ಅಂದುಕೊಂಡರು. ಹೊಸ ಕನ್ನಡಕ ಹಾಕಿಸಿದರೂ ಏನೂ ವ್ಯತ್ಯಾಸವಾಗಲಿಲ್ಲ. ಮಸುಕು ಎರಡೂ ಕಣ್ಣಿಗೆ ಒಟ್ಟಿಗೆ, ಕೆಲವೇ ವಾರಗಳಲ್ಲಿ ಬಂದಿತ್ತು. ಪೊರೆ ಸಾಮಾನ್ಯವಾಗಿ ಇಷ್ಟು ಬೇಗ ಬೆಳೆಯುವುದಿಲ್ಲ. ಜೊತೆಗೆ ಆಗಾಗ ಮೂಗಿನಿಂದ ರಕ್ತ, ಹಲ್ಲುಜ್ಜಿದರೆ ಒಸಡಿನಿಂದ ರಕ್ತ, ಸದಾ ಸುಸ್ತು. "ಮೈಗೆ ಉಷ್ಣ ಆಗಿದೆ ಮಗಾ, ಬಿಡು" ಎನ್ನುತ್ತಿದ್ದರು.

ನಾನು ಮಡಿಕೇರಿಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಒತ್ತಾಯ ಮಾಡಿ ಕರೆದುಕೊಂಡು ಹೋಗಿ ರಕ್ತ ತೆಗೆದೆ. ಹಿಮೋಗ್ಲೋಬಿನ್ 7.4 ಇತ್ತು. ಪ್ಲೇಟ್‌ಲೆಟ್ 1.8 ಲಕ್ಷ, ಅಂದರೆ ಸರಿಯಾಗಿಯೇ ಇದೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೂ ಸರಿ. ಹಾಗಿದ್ದರೆ ರಕ್ತ ಸೋರುವುದು ಯಾಕೆ? ಕೆಂಪು ಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂದು ಅಳೆಯುವ ಇಎಸ್ಆರ್ ನೋಡಿದರೆ ಗಂಟೆಗೆ 140 ಮಿ.ಮೀ., ತುಂಬಾ ಜಾಸ್ತಿ. ಗಾಜಿನ ಸ್ಲೈಡಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ಕಣಗಳು ಒಂದರ ಮೇಲೊಂದು ಪೇರಿಸಿಟ್ಟ ನಾಣ್ಯಗಳ ಹಾಗೆ ಅಂಟಿಕೊಂಡಿದ್ದವು. ಪ್ರೋಟೀನ್ ಜಾಸ್ತಿಯಾದಾಗ ಕಣಗಳು ಹೀಗೆ ಸಾಲುಗಟ್ಟುತ್ತವೆ. ಅದಕ್ಕೇ ಒಟ್ಟು ಪ್ರೋಟೀನ್ ನೋಡಿದೆ. 100 ಮಿ.ಲೀ.ಗೆ 11.2 ಗ್ರಾಂ! ಅದರಲ್ಲಿ ಆಲ್ಬುಮಿನ್ ಬರೀ 3.1. ಉಳಿದ 8.1 ಗ್ರಾಂ ಗ್ಲೋಬುಲಿನ್, ಅಂದರೆ ರೋಗನಿರೋಧಕ ಪ್ರೋಟೀನುಗಳೂ ಸೇರಿದ ಗುಂಪು. ಇಷ್ಟೊಂದು ಗ್ಲೋಬುಲಿನ್ ಎಲ್ಲಿಂದ ಬಂತು ಎಂಬುದೇ ಕೇಳಬೇಕಾದ ಪ್ರಶ್ನೆಯಾಗಿತ್ತು.

ನಮ್ಮ ಪ್ಯಾಥಾಲಜಿ ಡಾಕ್ಟರು ಸ್ಲೈಡ್ ನೋಡಿದವರೇ, "ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಪಾಪೆ ಹಿಗ್ಗುವ ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಲಿ" ಎಂದರು. ಕಣ್ಣಿನ ಡಾಕ್ಟರು ನೋಡಿದಾಗ ಪೊರೆ ಹೆಚ್ಚೇನೂ ಇರಲಿಲ್ಲ. ರೆಟಿನಾದ ರಕ್ತನಾಳಗಳು ಊದಿ ಅಂಕುಡೊಂಕಾಗಿದ್ದವು. ಅಲ್ಲಲ್ಲಿ ಉಬ್ಬಿ, ಮತ್ತೆ ಅಲ್ಲಲ್ಲಿ ಕಿರಿದಾಗಿ ಕಾಣುತ್ತಿದ್ದವು. ಎರಡೂ ಕಣ್ಣಿನಲ್ಲಿ ರಕ್ತದ ಕಲೆಗಳಿದ್ದವು. "ರಕ್ತ ಮಂದವಾಗಿದೆ, ತಡ ಮಾಡಬೇಡಿ" ಎಂದು ಅವರು ಚೀಟಿ ಬರೆದರು.

ಹಿಮೋಗ್ಲೋಬಿನ್ 7.4 ಎಂದರೆ ಕೂಡಲೇ ರಕ್ತ ಏರಿಸಬೇಕು ಅನ್ನಿಸುತ್ತದೆ. ನಮ್ಮ ಮನೆಯವರೂ ಅದನ್ನೇ ಕೇಳಿದರು. ಆದರೆ ರಕ್ತದ ದ್ರವ ಭಾಗವಾದ ಪ್ಲಾಸ್ಮಾ ಮಂದವಾಗಿದ್ದಾಗ ಅದಕ್ಕೆ ಕೆಂಪು ಕಣ ಸೇರಿಸಿದರೆ ರಕ್ತ ಇನ್ನೂ ಮಂದವಾಗುತ್ತದೆ. ಕಣ್ಣಿಗೆ, ಮೆದುಳಿಗೆ ರಕ್ತ ಹೋಗುವುದೇ ಕಷ್ಟವಾಗಬಹುದು. ತೀರಾ ತುರ್ತು ಇಲ್ಲದಿದ್ದರೆ ಮೊದಲು ಪ್ಲಾಸ್ಮಾ ತಿಳಿ ಮಾಡಬೇಕು, ರಕ್ತ ಆಮೇಲೆ. ಇದನ್ನು ನಮ್ಮ ಡಾಕ್ಟರು ಚೀಟಿಯ ಮೇಲೆಯೇ ದಪ್ಪಕ್ಷರದಲ್ಲಿ ಬರೆದುಕೊಟ್ಟರು.

ಅದೇ ದಿನ ಮೈಸೂರಿಗೆ ಹೊರಟೆವು. ಅಲ್ಲಿ ಐಜಿಎಂ ಎಂಬ ರೋಗನಿರೋಧಕ ಪ್ರೋಟೀನ್ ಅಳೆದರೆ 100 ಮಿ.ಲೀ.ಗೆ 6,800 ಮಿ.ಗ್ರಾಂ. ಸಾಮಾನ್ಯರಲ್ಲಿ ಅದು ಮುನ್ನೂರರ ಒಳಗೇ ಇರುತ್ತದೆ. ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆಯ ರೇಖಾಚಿತ್ರದಲ್ಲಿ ಒಂದೇ ಕಡೆ ಚೂಪಾದ ಶಿಖರ ಎದ್ದಿತ್ತು. ಅಂದರೆ ಒಂದೇ ಬಗೆಯ ಕಣಗಳ ಗುಂಪು ಒಂದೇ ಬಗೆಯ ಐಜಿಎಂ ಸುರಿಯುತ್ತಿದೆ. ಮೂಳೆಮಜ್ಜೆಯಲ್ಲಿ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕಣ ಎಂಬ ಎರಡು ಬಗೆಯ ರೋಗನಿರೋಧಕ ಕಣಗಳ ಲಕ್ಷಣವೂ ಇರುವ ಕಣಗಳು ಸಿಕ್ಕವು. ಈ ಕಾಯಿಲೆಯವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಗೆ ಇರುವ ಎಂವೈಡಿ88 ಎಂಬ ಜೀನಿನ ಬದಲಾವಣೆಯೂ ಸಿಕ್ಕಿತು. ಕಾಯಿಲೆಯ ಹೆಸರು ಲಿಂಫೋಪ್ಲಾಸ್ಮಾಸಿಟಿಕ್ ಲಿಂಫೋಮಾ, ಒಂದು ಬಗೆಯ ರಕ್ತದ ಕ್ಯಾನ್ಸರ್. ಐಜಿಎಂ ಜೊತೆಗಿದ್ದರೆ ವಾಲ್ಡನ್‌ಸ್ಟ್ರೋಮ್ ಕಾಯಿಲೆ ಎನ್ನುತ್ತಾರೆ. 1944ರಲ್ಲಿ ಇದನ್ನು ವಿವರಿಸಿದ ಸ್ವೀಡನ್ನಿನ ಡಾಕ್ಟರ್ ಯಾನ್ ವಾಲ್ಡನ್‌ಸ್ಟ್ರೋಮ್ ಬರೆದದ್ದು ಕೂಡ ಮೂಗು, ಬಾಯಿಯಿಂದ ರಕ್ತ ಸೋರುತ್ತಿದ್ದ ರೋಗಿಗಳ ಬಗ್ಗೆಯೇ.

ಐಜಿಎಂ ಐದು ತುಣುಕು ಸೇರಿದ ದೊಡ್ಡ ಅಣು. ಬಹುಪಾಲು ರಕ್ತನಾಳದೊಳಗೇ ಉಳಿದು ರಕ್ತವನ್ನು ಮಂದ ಮಾಡುತ್ತದೆ. ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಂಡು ಅವು ಕೆಲಸ ಮಾಡದ ಹಾಗೆ ತಡೆಯುತ್ತದೆ. ಎಣಿಕೆ ಸರಿ ಇದ್ದರೂ ರಕ್ತ ಸೋರಿದ್ದು ಅದಕ್ಕೇ.

ಯಂತ್ರಕ್ಕೆ ಜೋಡಿಸಿ ಪ್ಲಾಸ್ಮಾ ತೆಗೆದು ಆಲ್ಬುಮಿನ್ ದ್ರಾವಣ ತುಂಬಿದರು. ಎರಡನೇ ಸಲ ಆದ ಮೇಲೆ ಮೂಗಿನ ರಕ್ತ ನಿಂತಿತು. ಮಾವ ಎದುರಿನ ಗೋಡೆಯ ಕ್ಯಾಲೆಂಡರಿನ ತಾರೀಕು ಓದಿ ಹೇಳಿದಾಗ ನನಗೆ ಅಳುವೇ ಬಂತು. ಆದರೆ ಪ್ಲಾಸ್ಮಾ ತೆಗೆಯುವುದು ತಾತ್ಕಾಲಿಕ. ಐಜಿಎಂ ಮಾಡುವ ಕಣಗಳು ಹಾಗೇ ಇರುತ್ತವೆ. ಅದಕ್ಕೆ ಬೆಂಡಾಮಸ್ಟಿನ್ ಎಂಬ ಕೀಮೋ ಔಷಧಿ ಶುರು ಮಾಡಿದರು. ಇದರ ಜೊತೆ ಕೊಡುವ ಇನ್ನೊಂದು ಔಷಧಿ ರಿಟುಕ್ಸಿಮ್ಯಾಬ್ ಮೊದಲೇ ಕೊಡಲಿಲ್ಲ. ಅದು ಕೆಲವರಲ್ಲಿ ಐಜಿಎಂ ಅನ್ನು ಒಮ್ಮೆಲೇ ಏರಿಸಿಬಿಡುತ್ತದೆ. ಮಟ್ಟ ಇಳಿದ ಮೇಲೆ ಸೇರಿಸಿದರು.

ಈಗ ಪ್ರತಿ ಸಲ ಐಜಿಎಂ ಒಂದೇ ಲ್ಯಾಬಿನಲ್ಲಿ ಮಾಡಿಸುತ್ತೇವೆ, ಬೇರೆ ಬೇರೆ ಕಡೆಯ ಅಂಕಿಗಳನ್ನು ಹೋಲಿಸಲು ಆಗುವುದಿಲ್ಲ. ಮೂಗಿನಿಂದ ರಕ್ತ, ಕಣ್ಣು ಮಸುಕು, ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ ಮುಂದಿನ ತಾರೀಕಿಗೆ ಕಾಯದೆ ಬರಬೇಕೆಂದು ಡಾಕ್ಟರು ಹೇಳಿದ್ದಾರೆ. ಕಣ್ಣಿನ ಹಿಂಭಾಗವನ್ನೂ ಆಗಾಗ ತೋರಿಸುತ್ತಿದ್ದೇವೆ.