ಹೀಲಿಯೊ ಜಿ99ರಲ್ಲಿ ಬಿಜಿಎಂಐ: 60 ಕೊನೆ ತನಕ ನಿಲ್ಲುತ್ತಾ?

ಚಿಕ್ಕಮ್ಮನ ಮಗನ ಫೋನು ಈಗ ನನ್ನ ಹತ್ತಿರ ಇದೆ. ಹೀಲಿಯೊ ಜಿ99 ಚಿಪ್, 120 ಹರ್ಟ್ಜ್ ಪರದೆ. ಬಿಜಿಎಂಐ ಗೇಮ್‌ನಲ್ಲಿ ಗ್ರಾಫಿಕ್ಸ್ ಸ್ಮೂತ್‌ಗೆ ಇಟ್ಟರೆ ಫ್ರೇಮ್ ರೇಟ್‌ನಲ್ಲಿ ಎಕ್ಸ್‌ಟ್ರೀಮ್, ಅಂದರೆ ಸೆಕೆಂಡಿಗೆ 60 ಫ್ರೇಮ್, ಸಿಗುತ್ತದೆ. ಸಿಗುವುದು ಬೇರೆ, ನಿಲ್ಲುವುದು ಬೇರೆ ಅಲ್ವಾ? ನಾನು ನೋಡುತ್ತಿರುವುದು ನಿಲ್ಲುವುದನ್ನು.

ಶಿವಮೊಗ್ಗದ ಮನೆಯಲ್ಲಿ, ಮಧ್ಯಾಹ್ನದ ಸೆಖೆಯಲ್ಲಿ ಶುರು ಮಾಡಿದೆ. ಮೊದಲ ಮ್ಯಾಚ್ ಪರವಾಗಿಲ್ಲ. ಪೊಚಿಂಕಿಯಲ್ಲಿ ಜಾಸ್ತಿ ಜನ ಇಳಿದಾಗ ಫ್ರೇಮ್ ರೇಟ್ ತೋರಿಸುವ ಮೀಟರ್ 50ರ ಆಸುಪಾಸಿಗೆ ಬೀಳುತ್ತದೆ, ಆಮೇಲೆ ಸುಧಾರಿಸಿಕೊಳ್ಳುತ್ತದೆ. ಎಂಟು ಕೋರ್ ಅಂತ ಡಬ್ಬದ ಮೇಲೆ ಇದ್ದರೂ ಬಲ ಇರುವುದು ಎರಡು ಎ76 ಕೋರ್‌ಗೆ ಮಾತ್ರ. ಉಳಿದ ಆರು ಚಿಕ್ಕ ಎ55. ಗೇಮ್‌ನ ಮುಖ್ಯ ಕೆಲಸವೆಲ್ಲ ಆ ದೊಡ್ಡ ಎರಡರ ತಲೆ ಮೇಲೇ ಬೀಳುತ್ತದೆ.

ನಿಜವಾದ ತೊಂದರೆ ಬಿಸಿಯದು. ಮ್ಯಾಚ್ ಮೇಲೆ ಮ್ಯಾಚ್ ಆಡುತ್ತಾ ಹೋದಂತೆ ಫೋನು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೇಬಲ್ ಹಾಕಿದರೆ ಚಾರ್ಜ್ ಆಗಿ ಇನ್ನೂ ಬಿಸಿಯಾಗುತ್ತದೆ, ಹಾಗಾಗಿ ವೈರ್‌ಲೆಸ್ ಡೀಬಗ್ಗಿಂಗ್‌ನಲ್ಲಿ ಬ್ಯಾಟರಿ ನೋಡಿದೆ:

```
adb shell dumpsys battery
```

`temperature: 412` ಅಂತ ಬಂತು. ಅಂದರೆ 41.2 ಡಿಗ್ರಿ. ಆ ಹೊತ್ತಿಗೆ ಮೀಟರ್ 60ರಲ್ಲಿ ನಿಲ್ಲುತ್ತಲೇ ಇರಲಿಲ್ಲ. ಸ್ಕೋಪ್ ಹಾಕಿ ನಿಧಾನ ತಿರುಗಿಸಿದರೆ ಚಿತ್ರ ಕುಂಟುವುದು ಕಣ್ಣಿಗೇ ಕಾಣುತ್ತಿತ್ತು.

ಅಲ್ಟ್ರಾಗೆ, ಅಂದರೆ 40ಕ್ಕೆ ಇಳಿಸಿದೆ. ಕುಂಟುವುದು ನಿಂತಿತು! 120ನ್ನು 40ರಿಂದ ಭಾಗಿಸಿದರೆ ಸರಿಯಾಗಿ ಮೂರು. ಪ್ರತಿ ಫ್ರೇಮ್ ಪರದೆ ಮೇಲೆ ಒಂದೇ ಸಮ 25 ಮಿಲಿಸೆಕೆಂಡ್ ಇರುತ್ತದೆ. ಅದೇ 40ನ್ನು 60 ಹರ್ಟ್ಜ್ ಪರದೆಯಲ್ಲಿ ಹಾಕಿ ನೋಡಿ: ಒಂದು ಫ್ರೇಮ್ 16.7, ಇನ್ನೊಂದು 33.3. ಮೀಟರ್ 40 ಅಂತಲೇ ಹೇಳುತ್ತದೆ, ಕಣ್ಣಿಗೆ ಮಾತ್ರ ಎಳೆದಾಡಿದ ಹಾಗೆ ಆಗುತ್ತದೆ. ಕೆಲವು ಫೋನು ಗೇಮ್ ತೆರೆದ ತಕ್ಷಣ ಪರದೆಯನ್ನು 60 ಹರ್ಟ್ಜ್‌ಗೆ ಇಳಿಸುತ್ತವೆ. ಡೆವಲಪರ್ ಆಪ್ಷನ್ಸ್‌ನಲ್ಲಿ ರಿಫ್ರೆಶ್ ರೇಟ್ ತೋರಿಸುವ ಸ್ವಿಚ್ ಹಾಕಿದರೆ ಗೊತ್ತಾಗುತ್ತದೆ. ಅಲ್ಲಿ ಕಾಣುವ ಅಂಕಿ ಪರದೆಯದು, ಗೇಮ್‌ನದಲ್ಲ.

ಆಮೇಲೆ ತೀರ್ಥಹಳ್ಳಿ ಕಡೆ ಚಿಕ್ಕಮ್ಮನ ಮನೆಗೆ ಹೋದೆ. ಜೋರು ಮಳೆ, ತಣ್ಣಗಿನ ಗಾಳಿ. 60 ಅಲ್ಲಿ ಜಾಸ್ತಿ ಹೊತ್ತು ನಿಂತಿತು. ಆದರೂ ಹುಡುಗ, "ಅಣ್ಣಾ, ಲ್ಯಾಗ್ ಆಗ್ತಿದೆ ನೋಡು" ಅಂದ. ಎದುರಾಳಿಗಳು ಇದ್ದಲ್ಲಿಂದ ಇನ್ನೊಂದು ಕಡೆಗೆ ಹಾರುತ್ತಿದ್ದರು, ಆದರೆ ಇವನು ಕ್ಯಾಮೆರಾ ತಿರುಗಿಸಿದರೆ ನುಣ್ಣಗೆ ತಿರುಗುತ್ತಿತ್ತು. ಅದು ಪಿಂಗ್‌ನ ತೊಂದರೆ. ಸುಮ್ನೆ ಚಿಪ್‌ಗೆ ಬೈದು ಪ್ರಯೋಜನವಿಲ್ಲ. ತೋಟದ ಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಸಿಗ್ನಲ್ ಕಮ್ಮಿ ಇದ್ದರೆ ಮೋಡೆಮ್ ಜಾಸ್ತಿ ಶಕ್ತಿ ಹಾಕಬೇಕು, ಅದರಿಂದಲೂ ಫೋನು ಬಿಸಿಯಾಗುತ್ತದೆ. ವೈಫೈ ಇದ್ದರೆ ಅದರಲ್ಲೇ ಆಡುವುದು ಒಳ್ಳೆಯದು.

ಸದ್ಯ ಅವನ ಫೋನಿನಲ್ಲಿ ಸ್ಮೂತ್, ಅಲ್ಟ್ರಾ ಇಟ್ಟಿದ್ದೇನೆ. ಒಂದೇ ಮ್ಯಾಚ್ ಆಡುವುದಾದರೆ ಎಕ್ಸ್‌ಟ್ರೀಮ್ ಹಾಕಿಕೋ ಅಂದಿದ್ದೇನೆ. ಮುಂದೆ ಇದೇ ಫೋನಿನಲ್ಲಿ ಫ್ರೀ ಫೈರ್ ಮ್ಯಾಕ್ಸ್ ನೋಡಬೇಕು.